ಹಬ್ಬದ ವಿಡಿಯೊ ಯಾವ ವಾರ, ಯಾವ ಗಂಟೆಗೆ? ಕರಾವಳಿಯ ಒಂದು ಅಡುಗೆ ಚಾನೆಲ್‌ನ ಪ್ರಕರಣ

2025ರ ನಾಗರಪಂಚಮಿ ಜುಲೈ 29ರ ಮಂಗಳವಾರ ಬಂದಿತ್ತು. ಕುಂದಾಪುರದ ಕಡೆಯ ಒಂದು ಅಡುಗೆ ಚಾನೆಲ್ ಅರಿಶಿನ ಎಲೆ ಕಡುಬಿನ ವಿಡಿಯೊವನ್ನು ಹಿಂದಿನ ದಿನ, ಸೋಮವಾರ ಸಂಜೆ 7 ಗಂಟೆಗೆ ಪ್ರಕಟಿಸಿತು. ಊರಿನ ವೀಕ್ಷಕರಿಗೆ ಅದು ಹೇಳಿ ಮಾಡಿಸಿದ ಹೊತ್ತು. ಅರಿಶಿನದ ಎಲೆ ಹಿತ್ತಲಲ್ಲೇ ಇರುತ್ತದೆ, ಇಲ್ಲದಿದ್ದರೆ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಸಿಗುತ್ತದೆ. ರಾತ್ರಿ ಅಕ್ಕಿ ನೆನೆಹಾಕಿದರೆ ಬೆಳಿಗ್ಗೆ ಹಿಟ್ಟು ಸಿದ್ಧ. ಆದರೆ ವಿಡಿಯೊದ ಕೆಳಗೆ ನ್ಯೂಜೆರ್ಸಿಯಲ್ಲಿರುವ ಒಬ್ಬ ಗೃಹಿಣಿ ಹೀಗೆ ಬರೆದರು: "ಅಮ್ಮಾ, ನಾವು ಇಂಡಿಯನ್ ಅಂಗಡಿಗೆ ಹೋಗುವುದು ಶನಿವಾರ ಮಾತ್ರ. ಇದು ನಾಲ್ಕು ದಿನ ಮೊದಲು ಬಂದಿದ್ದರೆ ಎಲೆ ತರಬಹುದಿತ್ತು." ಕುವೈತ್‌ನಿಂದ ಇನ್ನೊಬ್ಬರು ಅದಕ್ಕೆ ದನಿಗೂಡಿಸಿದರು.

ಚಾನೆಲ್ ನಡೆಸುವುದು ಅತ್ತೆ ಮತ್ತು ಸೊಸೆ. ಅತ್ತೆ ಅಡುಗೆ ಮಾಡುತ್ತಾರೆ, ಸೊಸೆ ಚಿತ್ರೀಕರಣ, ಸಂಕಲನ, ಅಪ್‌ಲೋಡ್ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಅಂಕಿಅಂಶ ಓದುವ ಕೆಲಸದಲ್ಲಿ ನಾನು ಅವರಿಗೆ ಜೊತೆಯಾಗಿದ್ದೇನೆ. ಅವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಚಾನೆಲ್‌ನ ಹೆಸರನ್ನು ಬಿಟ್ಟಿದ್ದೇನೆ, ಅಂಕಿಗಳನ್ನು ಓದಲು ಸುಲಭವಾಗಲೆಂದು ದುಂಡಾಗಿಸಿದ್ದೇನೆ.

ಅಲ್ಲಿಯವರೆಗೆ ಅವರ ಪದ್ಧತಿ ಸರಳವಾಗಿತ್ತು. ವಾರದ ವಿಡಿಯೊ ಬುಧವಾರ ಸಂಜೆ 7ಕ್ಕೆ. ಹಬ್ಬದ ವಿಡಿಯೊ ಹಬ್ಬದ ಮುನ್ನಾದಿನ, ಅದೇ ಹೊತ್ತಿಗೆ. ಕಮೆಂಟು ಓದಿದ ಮೇಲೆ ಸೊಸೆಗೆ ತಟ್ಟನೆ ಹೊಳೆದದ್ದು ಗಂಟೆ ಬದಲಿಸುವ ಉಪಾಯ. ಬೆಳಗಿನ 5.30ಕ್ಕೆ ಪ್ರಕಟಿಸಿದರೆ ಅಮೆರಿಕದಲ್ಲಿ ರಾತ್ರಿ ಊಟದ ಹೊತ್ತಾಗಿರುತ್ತದೆ, ಅವರು ಬಿಡುವಾಗಿ ನೋಡುತ್ತಾರೆ ಎಂಬುದು ಅವರ ವಾದ. ಅದಕ್ಕೆ ಆಧಾರವನ್ನೂ ತೋರಿಸಿದರು: ಯೂಟ್ಯೂಬ್ ಸ್ಟುಡಿಯೋದಲ್ಲಿ ನೇರಳೆ ಬಣ್ಣದ ಪಟ್ಟಿಗಳ ಒಂದು ಚಿತ್ರವಿದೆಯಲ್ಲ, ಅದರಲ್ಲಿ ಬೆಳಗಿನ ಜಾವದಿಂದಲೇ ತಿಳಿ ನೇರಳೆ ಕಾಣಿಸುತ್ತದೆ. "ಇವರೇ ನಮ್ಮ ಅಮೆರಿಕದವರು" ಎಂದರು.

ಆ ಚಿತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದರಿಂದಲೇ ನಮ್ಮ ಕೆಲಸ ಶುರುವಾಯಿತು.

ನೇರಳೆ ಪಟ್ಟಿಯೊಳಗೆ ಯಾರಿದ್ದಾರೆ

ಸ್ಟುಡಿಯೋದ Audience ವಿಭಾಗದಲ್ಲಿ "When your viewers are on YouTube" ಎಂಬ ವರದಿ ಇರುತ್ತದೆ. ವಾರದ ಏಳು ದಿನ, ದಿನದ ಇಪ್ಪತ್ತನಾಲ್ಕು ಗಂಟೆ, ಪ್ರತಿ ಗಂಟೆಗೊಂದು ಪಟ್ಟಿ. ಬಣ್ಣ ಗಾಢವಾದಷ್ಟೂ ಜನ ಹೆಚ್ಚು. ಹಿಂದಿನ 28 ದಿನಗಳನ್ನು ಒಟ್ಟುಗೂಡಿಸಿ ಇದನ್ನು ಮಾಡಿರುತ್ತಾರೆ. ಇದನ್ನು ಓದುವಾಗ ಮೂರು ವಿಷಯ ಮರೆಯಬಾರದು.

ಮೊದಲನೆಯದಾಗಿ, ಇದು ನಿಮ್ಮ ವೀಕ್ಷಕರು ಯೂಟ್ಯೂಬ್‌ನಲ್ಲಿ ಇರುವ ಹೊತ್ತು. ನಿಮ್ಮ ಚಾನೆಲ್ ನೋಡುವ ಹೊತ್ತಲ್ಲ. ಬೆಳಿಗ್ಗೆ 6ಕ್ಕೆ ಸುಪ್ರಭಾತ ಹಾಕಿಕೊಂಡು ಕೆಲಸ ಮಾಡುವವರೂ ಅಲ್ಲಿ ಸೇರಿರುತ್ತಾರೆ. ಆ ಗಳಿಗೆಯಲ್ಲಿ ಅವರು ಮೀನು ಸಾರಿನ ವಿಡಿಯೊ ತೆರೆಯುವುದಿಲ್ಲ. ಎರಡನೆಯದಾಗಿ, ಗಂಟೆಗಳನ್ನು ತೋರಿಸುವುದು ವರದಿ ತೆರೆದವರ ಸ್ಥಳೀಯ ಸಮಯದಲ್ಲಿ. ಸೊಸೆಯ ಅಕ್ಕ ದುಬೈಯಲ್ಲಿದ್ದಾರೆ, ಚಾನೆಲ್‌ನ ಲೆಕ್ಕ ನೋಡಲು ಅವರಿಗೂ ಅನುಮತಿ ಇದೆ. ಅವರು ಪರದೆಯ ಚಿತ್ರ ತೆಗೆದು ಕಳುಹಿಸಿದಾಗ ಸಂಜೆಯ ಗಾಢ ಪಟ್ಟಿ ಹಿಂದಕ್ಕೆ ಸರಿದಂತೆ ಕಂಡಿತು. ವೀಕ್ಷಕರ ಅಭ್ಯಾಸವೇನೂ ಬದಲಾಗಿರಲಿಲ್ಲ. ಯುಎಇ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಇದೆ, ಅಷ್ಟೇ. ಇಬ್ಬರು ಎರಡು ಊರಿನಿಂದ ಒಂದೇ ವರದಿ ನೋಡುವ ಚಾನೆಲ್‌ಗಳಲ್ಲಿ ಈ ಗೊಂದಲ ಬಹಳ ಸಾಮಾನ್ಯ. ವರದಿಯಲ್ಲೇ GMT ಜೊತೆಗೆ ಎಷ್ಟು ಗಂಟೆಯ ವ್ಯತ್ಯಾಸ ಎಂದು ಬರೆದಿರುತ್ತದೆ, ಮೊದಲು ಅದನ್ನು ನೋಡಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈ ಚಿತ್ರ ದೇಶವಾರು ಬೇರ್ಪಡುವುದಿಲ್ಲ. ಎಲ್ಲರನ್ನೂ ಒಂದೇ ರಾಶಿಗೆ ಸುರಿದಿರುತ್ತದೆ. ರಾಶಿಯಲ್ಲಿ ಯಾರು ಎಷ್ಟು ಎಂದು ತಿಳಿಯಲು Advanced mode ತೆರೆದು Geography ಪಟ್ಟಿಗೆ ಹೋಗಬೇಕು. ನಾವು 90 ದಿನಗಳ ಅವಧಿ ಇಟ್ಟು ನೋಡಿದೆವು. ನೂರು ವೀಕ್ಷಣೆಗಳಲ್ಲಿ 76 ಭಾರತದ್ದು. ಯುಎಇ, ಸೌದಿ, ಕುವೈತ್, ಕತಾರ್, ಒಮಾನ್, ಬಹರೇನ್ ಸೇರಿ 12. ಅಮೆರಿಕ 6. ಬ್ರಿಟನ್, ಆಸ್ಟ್ರೇಲಿಯ, ಸಿಂಗಪುರ ಮೊದಲಾದ ಉಳಿದವೆಲ್ಲ 6.

ಈಗ ಬೆಳಗಿನ ತಿಳಿ ನೇರಳೆಗೆ ಬರೋಣ. ಬೆಳಿಗ್ಗೆ 6.30ರ ಹೊತ್ತಿಗೆ ಭಾರತದ ವೀಕ್ಷಕರಲ್ಲಿ ಕಾಲು ಭಾಗ ಮಾತ್ರ ಯೂಟ್ಯೂಬ್ ತೆರೆದಿದ್ದಾರೆ ಎಂದಿಟ್ಟುಕೊಳ್ಳಿ. ನೂರರಲ್ಲಿ 76ರ ಕಾಲು ಭಾಗವೆಂದರೆ 19 ಮಂದಿ. ಅಮೆರಿಕದವರು ಒಬ್ಬರೂ ಬಿಡದೆ ಎಲ್ಲರೂ ಆನ್‌ಲೈನ್ ಇದ್ದಾರೆ ಎಂದುಕೊಂಡರೂ 6 ಮಂದಿ. ಅಂದರೆ ಆ ತಿಳಿ ಬಣ್ಣದ ಮುಕ್ಕಾಲು ಭಾಗ ಬೆಂಗಳೂರು, ಮಂಗಳೂರು, ಮುಂಬೈಯಲ್ಲಿ ಎದ್ದು ಮೊಬೈಲ್ ಹಿಡಿದವರದ್ದೇ. ಸೊಸೆ ತೋರಿಸಿದ ಆಧಾರ ಇಲ್ಲಿ ಕುಸಿಯಿತು. ದೊಡ್ಡ ಗುಂಪು ನಿದ್ದೆಯಲ್ಲಿದ್ದಾಗ ಮಾತ್ರ ಸಣ್ಣ ಗುಂಪು ಈ ಚಿತ್ರದಲ್ಲಿ ಕಾಣಿಸುತ್ತದೆ. ನಮ್ಮ ಚಾನೆಲ್‌ನಲ್ಲಿ ಅದು ರಾತ್ರಿ 2ರಿಂದ 4ರವರೆಗಿನ ಮಸುಕು ಪಟ್ಟಿ. ಭಾರತದಲ್ಲಿ ಅಷ್ಟು ಹೊತ್ತಿಗೆ ಎಚ್ಚರವಿರುವವರು ಕಡಿಮೆ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ಸಂಜೆಯಾಗುತ್ತಿರುತ್ತದೆ.

ಆದರೆ ಅದೇ ದೇಶವಾರು ಪಟ್ಟಿಯಲ್ಲಿ ವೀಕ್ಷಣೆಯ ಸಂಖ್ಯೆ ಬಿಟ್ಟು ವೀಕ್ಷಿಸಿದ ಸಮಯವನ್ನು ನೋಡಿದಾಗ ಅಮೆರಿಕದ ಪಾಲು 6ರಿಂದ 10ಕ್ಕೆ ಏರಿತು. ಅಲ್ಲಿನವರು ವಿಡಿಯೊವನ್ನು ಹೆಚ್ಚು ಹೊತ್ತು ನೋಡುತ್ತಾರೆ. ಕಮೆಂಟುಗಳನ್ನು ಓದಿದರೆ ಕಾರಣವೂ ಗೊತ್ತಾಗುತ್ತದೆ: ಊರಿನಲ್ಲಿ ಅಮ್ಮನನ್ನು ಕೇಳಿದರೆ ಸಾಕಾಗುವ ಸಂಗತಿಯನ್ನು ಅವರು ವಿಡಿಯೊ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಪಕ್ಕದಲ್ಲಿಟ್ಟುಕೊಂಡು ಕಲಿಯುತ್ತಿದ್ದಾರೆ. ಈ ಸಣ್ಣ ಗುಂಪನ್ನು ಕಡೆಗಣಿಸುವುದು ತಪ್ಪು ಎಂದು ನನಗೆ ಅನ್ನಿಸಿದ್ದು ಆಗಲೇ. ಅವರಿಗಾಗಿ ಬದಲಿಸಬೇಕಾದದ್ದು ಗಂಟೆಯನ್ನೋ ದಿನವನ್ನೋ ಎಂಬುದಷ್ಟೇ ಉಳಿದ ಪ್ರಶ್ನೆ.

ಚೌತಿಗೆ ಹಿಂದಿನಿಂದ ಎಣಿಸಿದ ಲೆಕ್ಕ

ಗಣೇಶ ಚತುರ್ಥಿ ಆಗಸ್ಟ್ 27ರ ಬುಧವಾರ. ಅತ್ತೆ ಮಾಡಬೇಕೆಂದಿದ್ದುದು ಕೊಟ್ಟೆ ಕಡುಬು. ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟಿ, ಉದ್ದು ಮತ್ತು ಅಕ್ಕಿಯ ಹಿಟ್ಟನ್ನು ಸುರಿದು ಹಬೆಯಲ್ಲಿ ಬೇಯಿಸುವ ತಿನಿಸು. ಹಿಟ್ಟು ರಾತ್ರಿಯಿಡೀ ಹುದುಗಬೇಕು. ಹಲಸಿನ ಎಲೆ ಪರದೇಶದಲ್ಲಿ ಸುಲಭಕ್ಕೆ ಸಿಗದು. ಅದಕ್ಕೆ ಬದಲಾಗಿ ಸ್ಟೀಲ್ ಲೋಟದ ಒಳಗೆ ಬಾಳೆಲೆ ಹೊಂದಿಸಿ ಬೇಯಿಸುವ ಕ್ರಮವನ್ನೂ ತೋರಿಸಬೇಕೆಂದು ಸೊಸೆ ಹೇಳಿದರು. ಬಾಳೆಲೆ ಅಲ್ಲಿನ ಏಷ್ಯನ್ ಅಂಗಡಿಗಳಲ್ಲಿ ಫ್ರೀಜ್ ಮಾಡಿದ ಕಟ್ಟಿನಲ್ಲಿ ಸಿಗುತ್ತದೆ.

ನಾವು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬಂದೆವು. ಬುಧವಾರ ಬೇಯಿಸಬೇಕಾದರೆ ಮಂಗಳವಾರ ರುಬ್ಬಬೇಕು. ಸೋಮವಾರ, ಮಂಗಳವಾರ ಅಮೆರಿಕದಲ್ಲಿ ಕೆಲಸದ ದಿನ. ಆದ್ದರಿಂದ ಸಾಮಾನು ತರಬೇಕಾದದ್ದು ಆಗಸ್ಟ್ 23, 24ರ ಶನಿವಾರ ಅಥವಾ ಭಾನುವಾರ. ಅಂಗಡಿಗೆ ಹೊರಡುವ ಮೊದಲು ವಿಡಿಯೊ ಕಣ್ಣಿಗೆ ಬಿದ್ದಿರಬೇಕು. ಹಾಗಾದರೆ ಅಲ್ಲಿನ ಗುರುವಾರ ರಾತ್ರಿ ಅಥವಾ ಶುಕ್ರವಾರ ರಾತ್ರಿ ಅವರಿಗೆ ಅದು ಸಿಗಬೇಕು.

ಕೊಲ್ಲಿಯ ಲೆಕ್ಕ ಬೇರೆ. ಸೌದಿ, ಕುವೈತ್, ಕತಾರ್, ಒಮಾನ್, ಬಹರೇನ್‌ಗಳಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಯುಎಇ 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಬದಲಾಯಿಸಿಕೊಂಡಿದೆ, ಅಲ್ಲಿ ಶುಕ್ರವಾರ ಸರ್ಕಾರಿ ಕಚೇರಿಗಳಿಗೆ ಅರ್ಧ ದಿನ. "ಕೊಲ್ಲಿಯವರಿಗೆ ಶುಕ್ರವಾರ ರಜೆ" ಎಂದು ಒಂದೇ ಮಾತಿನಲ್ಲಿ ಮುಗಿಸುವ ಹಳೆಯ ರೂಢಿ ಇನ್ನೂ ಬಹಳ ಜನರಲ್ಲಿದೆ. ದುಬೈ, ಅಬುಧಾಬಿಯ ವೀಕ್ಷಕರು ಹೆಚ್ಚಿರುವ ಚಾನೆಲ್‌ಗೆ ಅದು ಈಗ ಹೊಂದುವುದಿಲ್ಲ. ನಮ್ಮ ಪಟ್ಟಿಯಲ್ಲಿ ಎರಡೂ ಬಗೆಯ ದೇಶಗಳಿದ್ದುದರಿಂದ, ಕುವೈತ್‌ನವರು ಶುಕ್ರವಾರ ಅಂಗಡಿಗೆ ಹೋಗುವ ಮೊದಲೇ ವಿಡಿಯೊ ಇರಬೇಕು ಎಂದಾಯಿತು.

ಇಷ್ಟೂ ಸೇರಿದಾಗ ಉಳಿದದ್ದು ಒಂದೇ ಜಾಗ: ಆಗಸ್ಟ್ 21, ಗುರುವಾರ ಸಂಜೆ. ಕುಂದಾಪುರದಲ್ಲಿ 7 ಗಂಟೆಯಾದಾಗ ಕುವೈತ್‌ನಲ್ಲಿ ಸಂಜೆ 4.30, ದುಬೈಯಲ್ಲಿ 5.30, ನ್ಯೂಜೆರ್ಸಿಯಲ್ಲಿ ಗುರುವಾರ ಬೆಳಿಗ್ಗೆ 9.30. ಅಮೆರಿಕದವರು ಆ ಕ್ಷಣಕ್ಕೆ ನೋಡದಿದ್ದರೂ ಚಿಂತೆಯಿಲ್ಲ, ಶನಿವಾರದೊಳಗೆ ಅವರಿಗೆ ಎರಡು ರಾತ್ರಿಗಳಿವೆ. ಗಂಟೆ ಹಳೆಯದೇ ಉಳಿಯಿತು. ಬದಲಾದದ್ದು ದಿನ.

ಅತ್ತೆಗೆ ಇದು ಸಮಾಧಾನ ತರಲಿಲ್ಲ. "ಚೌತಿಗೆ ಆರು ದಿನ ಇರುವಾಗ ಊರಿನವರು ಯಾರು ಕಡುಬು ನೋಡುತ್ತಾರೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಅವರ ಚಾನೆಲ್‌ನಲ್ಲೇ ಇತ್ತು. ಹಿಂದಿನ ವರ್ಷದ ಚೌತಿಯ ವಿಡಿಯೊಗೆ ವೀಕ್ಷಕರು ಎಲ್ಲಿಂದ ಬಂದರು ಎಂಬ ಪಟ್ಟಿ ತೆರೆದೆವು. ಭಾರತದ ವೀಕ್ಷಕರಲ್ಲಿ ದೊಡ್ಡ ಪಾಲು ಯೂಟ್ಯೂಬ್ ಹುಡುಕಾಟದಿಂದ, ಹಬ್ಬದ ಹಿಂದಿನ ಎರಡು ದಿನಗಳಲ್ಲಿ ಬಂದಿತ್ತು. ಹುಡುಕಿ ಬರುವವರಿಗೆ ವಿಡಿಯೊ ಎಂದು ಪ್ರಕಟವಾಯಿತು ಎಂಬುದು ಮುಖ್ಯವಲ್ಲ, ಹುಡುಕುವ ದಿನ ಅದು ಇದ್ದರಾಯಿತು. ಹಾಗಾಗಿ ಬೇಗ ಪ್ರಕಟಿಸಿದರೆ ಊರಿನವರಿಗೆ ನಷ್ಟವಿಲ್ಲ, ತಡಮಾಡಿದರೆ ಪರದೇಶದವರಿಗೆ ನಷ್ಟವಿದೆ. ಎರಡು ಗುಂಪುಗಳ ಅನುಕೂಲ ಹೀಗೆ ಸಮತೂಕದಲ್ಲಿ ಇಲ್ಲದಿದ್ದಾಗ, ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮುನ್ನಾದಿನ ಸಂಜೆ ಕಡುಬಿನ ಒಂದು ಚಿತ್ರವನ್ನು ಕಮ್ಯುನಿಟಿ ಪೋಸ್ಟ್‌ನಲ್ಲಿ ಹಾಕಿ ವಿಡಿಯೊದ ಕೊಂಡಿ ಕೊಟ್ಟರೆ ಊರಿನ ಸಬ್‌ಸ್ಕ್ರೈಬರ್‌ಗಳಿಗೂ ನೆನಪಾಗುತ್ತದೆ ಎಂದಾಗ ಅತ್ತೆ ಒಪ್ಪಿದರು.

ಹಾಗೆಯೇ ಮಾಡಿದೆವು. ಆ ವಿಡಿಯೊದ ವೀಕ್ಷಣೆಯ ಗೆರೆ ಎರಡು ದಿಬ್ಬಗಳಾಗಿ ಬಂದಿತು. ಮೊದಲ ದಿಬ್ಬ ಗುರುವಾರದಿಂದ ಭಾನುವಾರ, ಅದರಲ್ಲಿ ಹೊರದೇಶದ ಪಾಲು ಚಾನೆಲ್‌ನ ಸರಾಸರಿಗಿಂತ ಎದ್ದು ಕಾಣುವಷ್ಟು ಹೆಚ್ಚು. ಎರಡನೆಯದು ಸೋಮವಾರ, ಮಂಗಳವಾರದ್ದು, ಅದು ಬಹುಪಾಲು ಭಾರತದ್ದು, ಹುಡುಕಾಟದಿಂದ ಬಂದದ್ದು. ಲೋಟದಲ್ಲಿ ಬೇಯಿಸಿದ ಕಡುಬಿನ ಬಗ್ಗೆ ಪ್ರಶ್ನೆಗಳು ಹಬ್ಬಕ್ಕೆ ಮೊದಲೇ ಬಂದವು. ಬಾಳೆಲೆ ಕರಗಿಸಿದ ಮೇಲೆ ಸೀಳಿಹೋಗುತ್ತದೆ, ಏನು ಮಾಡಲಿ ಎಂದು ಒಬ್ಬರು ಕೇಳಿದರು. ಬಿಸಿನೀರಿನಲ್ಲಿ ಅದ್ದಿ ಬಾಡಿಸಿ ಎಂದು ಅತ್ತೆ ಉತ್ತರ ಕೊಡಲು ಸಮಯವಿತ್ತು. ಪ್ರಶ್ನೆ ಹಬ್ಬಕ್ಕೆ ಮೊದಲು ಬರುವುದಕ್ಕೂ ಆಮೇಲೆ ಬರುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ಪಟ್ಟಿಯೂ ತೋರಿಸುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಕೆಲಸದ ನಿಜವಾದ ಫಲ ಅದೇ.

ವಾರದ ವಿಡಿಯೊ: ಮೊದಲ ದಿನದ ಅಂಕಿ ಹೇಗೆ ದಾರಿ ತಪ್ಪಿಸಿತು

ಹಬ್ಬದ ವಿಡಿಯೊಗೆ ಗಡುವು ಇದೆ. ಬಂಗುಡೆ ಸಾರಿಗೆ ಯಾವ ಗಡುವು? ವಾರದ ಮಾಮೂಲಿ ವಿಡಿಯೊಗಳಿಗೆ ಗಂಟೆ ಬದಲಿಸಿದರೆ ಏನಾದರೂ ಆಗುತ್ತದೆಯೇ ಎಂದು ಸೊಸೆಗೆ ಇನ್ನೂ ಕುತೂಹಲವಿತ್ತು. ಪ್ರಕಟಣೆಯ ಸಮಯ ವಿಡಿಯೊದ ದೀರ್ಘಕಾಲದ ಫಲಿತಾಂಶದ ಮೇಲೆ ನೇರ ಪರಿಣಾಮ ಬೀರುವುದು ತಿಳಿದುಬಂದಿಲ್ಲ ಎಂದು ಯೂಟ್ಯೂಬ್ ತನ್ನ ಸಹಾಯ ಪುಟದಲ್ಲೇ ಹೇಳಿದೆ. ಆದರೂ ನಮ್ಮ ಚಾನೆಲ್‌ನಲ್ಲೇ ಪರೀಕ್ಷಿಸೋಣವೆಂದು ಸೆಪ್ಟೆಂಬರ್‌ನಲ್ಲಿ ಒಂದು ಬುಧವಾರ ಬೆಳಿಗ್ಗೆ 5.30ಕ್ಕೆ, ಮುಂದಿನ ಬುಧವಾರ ಸಂಜೆ 7ಕ್ಕೆ ಎಂದು ಬದಲಿಸುತ್ತಾ ಹೋದರು.

ಮೊದಲ ಜೋಡಿ ಮುಗಿದಾಗಲೇ ಅವರು ತೀರ್ಮಾನಕ್ಕೆ ಬಂದಿದ್ದರು: ಬೆಳಗಿನ ವಿಡಿಯೊದ ಮೊದಲ ದಿನದ ವೀಕ್ಷಣೆ ಸಂಜೆಯದರ ಅರ್ಧಕ್ಕಿಂತಲೂ ಕಡಿಮೆ, ಆದ್ದರಿಂದ ಬೆಳಗಿನ ಹೊತ್ತು ಬೇಡ. ದಿನವಾರು ಪಟ್ಟಿಯಲ್ಲಿ ಅಂಕಿ ಹಾಗೇ ಇತ್ತು. ಆದರೆ ಆ ಪಟ್ಟಿಯ "ದಿನ" ನಮ್ಮ ದಿನವಲ್ಲ. ಯೂಟ್ಯೂಬ್ ಅನಲಿಟಿಕ್ಸ್‌ನಲ್ಲಿ ದಿನ ಶುರುವಾಗುವುದು ಅಮೆರಿಕದ ಪಶ್ಚಿಮ ಕರಾವಳಿಯ, ಅಂದರೆ ಪೆಸಿಫಿಕ್ ಸಮಯದ, ಮಧ್ಯರಾತ್ರಿಗೆ. ಅಲ್ಲಿ ಬೇಸಿಗೆ ಸಮಯ ಜಾರಿಯಲ್ಲಿರುವಾಗ ಅದು ನಮ್ಮ ಮಧ್ಯಾಹ್ನ 12.30, ಚಳಿಗಾಲದಲ್ಲಿ 1.30.

ಈ ಗಡಿಯನ್ನು ಇಟ್ಟುಕೊಂಡು ಎರಡು ವಿಡಿಯೊಗಳನ್ನು ಮತ್ತೆ ನೋಡಿ. ಬುಧವಾರ ಬೆಳಿಗ್ಗೆ 5.30ಕ್ಕೆ ಪ್ರಕಟವಾದದ್ದು ಪಟ್ಟಿಯಲ್ಲಿ ಮಂಗಳವಾರದ ಖಾತೆಗೆ ಬೀಳುತ್ತದೆ, ಏಕೆಂದರೆ ಆಗ ಕ್ಯಾಲಿಫೋರ್ನಿಯಾದಲ್ಲಿ ಮಂಗಳವಾರ ಸಂಜೆ 5. ಮಧ್ಯಾಹ್ನ 12.30ಕ್ಕೆ ಆ "ಮೊದಲ ದಿನ" ಮುಗಿದೇಹೋಗುತ್ತದೆ. ಅದಕ್ಕೆ ಸಿಕ್ಕಿದ್ದು 7 ಗಂಟೆ, ಅದೂ ಕೆಲಸದ ದಿನದ ಬೆಳಗು. ಸಂಜೆ 7ಕ್ಕೆ ಪ್ರಕಟವಾದದ್ದಕ್ಕೆ ಮರುದಿನ ಮಧ್ಯಾಹ್ನ 12.30ರವರೆಗೆ ಹದಿನೇಳೂವರೆ ಗಂಟೆ, ಅದರಲ್ಲಿ ಒಂದು ಪೂರ್ತಿ ಸಂಜೆ. ಅರ್ಧಕ್ಕಿಂತ ಕಡಿಮೆ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ಸರಿಯಾದ ಹೋಲಿಕೆಗೆ ವಿಡಿಯೊ ಪ್ರಕಟವಾದ ಕ್ಷಣದಿಂದ ಎಣಿಸಿದ ಮೊದಲ 24 ಗಂಟೆಯನ್ನು ತೆಗೆದುಕೊಳ್ಳಬೇಕು. ಸ್ಟುಡಿಯೋ ಅದನ್ನು ಕೊಡುತ್ತದೆ. ಹೊಸ ವಿಡಿಯೊ ಇತ್ತೀಚಿನ ಹತ್ತರಲ್ಲಿ ಎಷ್ಟನೆಯದು ಎಂದು ತೋರಿಸುವ ಸ್ಥಾನವೂ ಪ್ರಕಟವಾದ ಹೊತ್ತಿನಿಂದಲೇ ಎಣಿಸಿದ್ದು. ಆದರೆ ಅದನ್ನೂ ಮೂರು, ನಾಲ್ಕು ಗಂಟೆಗೇ ನೋಡಿ ಖುಷಿಪಡುವುದಾಗಲಿ ಬೇಸರಪಡುವುದಾಗಲಿ ಸಲ್ಲದು. ಬೆಳಗಿನದಕ್ಕೆ ಆಗಿನ್ನೂ ಸಂಜೆ ಬಂದಿರುವುದಿಲ್ಲ, ಸಂಜೆಯದಕ್ಕೆ ಒಂದು ಸಂಜೆ ಆಗಲೇ ಸಿಕ್ಕಿರುತ್ತದೆ. ಇಪ್ಪತ್ತನಾಲ್ಕು ಗಂಟೆ ತುಂಬಿದ ಮೇಲೆ ಮಾತ್ರ ಇಬ್ಬರಿಗೂ ಒಂದೊಂದು ಹಗಲು, ಒಂದೊಂದು ರಾತ್ರಿ ಸಮನಾಗಿ ಸಿಕ್ಕಿರುತ್ತದೆ.

ಹೀಗೆ ಅಳೆದಾಗ ಬೆಳಗು, ಸಂಜೆಗಳ ಅಂತರ ಮಾಯವಾಯಿತು. ಏಳು ದಿನಗಳ ಅಂಕಿಯಲ್ಲಿ ಯಾವುದು ಬೆಳಗಿನದು, ಯಾವುದು ಸಂಜೆಯದು ಎಂದು ಗುರುತಿಸಲೂ ಆಗಲಿಲ್ಲ. ಎದ್ದು ಕಂಡದ್ದು ತಿನಿಸಿನ ವ್ಯತ್ಯಾಸ: ಬಂಗುಡೆ ಪುಳಿಮುಂಚಿ ಯಾವ ಹೊತ್ತಿಗೆ ಬಂದರೂ ಮುಂದೆ, ಹಾಗಲಕಾಯಿ ಗೊಜ್ಜು ಯಾವ ಹೊತ್ತಿಗೆ ಬಂದರೂ ಹಿಂದೆ. ಇದರಿಂದ ಪರೀಕ್ಷೆಯ ಕ್ರಮಕ್ಕೂ ಒಂದು ತಿದ್ದುಪಡಿ ಬೇಕಾಯಿತು. ಮೀನಿಗೆ ಮೀನು, ಸಿಹಿಗೆ ಸಿಹಿ ಎಂದು ಜೋಡಿ ಮಾಡದೆ ಸಮಯವನ್ನು ಹೋಲಿಸಿದರೆ ಅಳೆಯುವುದು ಮೀನಿನ ಆಕರ್ಷಣೆಯನ್ನೇ ಹೊರತು ಗಂಟೆಯನ್ನಲ್ಲ.

ಗಂಟೆಯ ಪ್ರಶ್ನೆ ಅಲ್ಲಿಗೆ ಬಿಟ್ಟು ವಾರದ ಪ್ರಶ್ನೆಗೆ ಬಂದೆವು. ಸಂಜೆ 7 ಅಮೆರಿಕದವರಿಗೆ ಕೆಟ್ಟ ಹೊತ್ತು ಎಂದು ಎಲ್ಲರೂ ಹೇಳುತ್ತಿದ್ದರಲ್ಲ, ಅದು ಬುಧವಾರದ ಮಟ್ಟಿಗೆ ನಿಜ. ನ್ಯೂಜೆರ್ಸಿಯಲ್ಲಿ ಬುಧವಾರ ಬೆಳಿಗ್ಗೆ 9.30, ಎಲ್ಲರೂ ಕೆಲಸದಲ್ಲಿರುತ್ತಾರೆ. ಅದೇ 7 ಗಂಟೆ ಶನಿವಾರವಾದರೆ ಅಲ್ಲಿ ಶನಿವಾರ ಬೆಳಗಿನ ತಿಂಡಿಯ ಹೊತ್ತು, ಮುಂದೆ ಎರಡು ದಿನ ಬಿಡುವು. ಬ್ರಿಟನ್‌ನಲ್ಲಿ ಮಧ್ಯಾಹ್ನ 2.30. ದುಬೈಯಲ್ಲಿ ರಜೆಯ ದಿನದ ಸಂಜೆ. ಭಾರತದಲ್ಲಿ ಭಾನುವಾರದ ಅಡುಗೆಗೆ ಯೋಚಿಸುವ ಸಮಯ. ಗಡಿಯಾರದ ಮುಳ್ಳನ್ನು ಅಲುಗಾಡಿಸದೆ, ದಿನ ಒಂದನ್ನು ಸರಿಸಿದ್ದರಿಂದ ಆ ಗಂಟೆಯ ಅರ್ಥವೇ ಬೇರೆಯಾಯಿತು.

ಬುಧವಾರ 7, ಶನಿವಾರ 7 ಎಂಬ ಹೋಲಿಕೆಯಲ್ಲಿ ಇನ್ನೊಂದು ಅನುಕೂಲವಿದೆ. ಎರಡರಲ್ಲೂ ಗಂಟೆ ಒಂದೇ ಆದ್ದರಿಂದ ಪೆಸಿಫಿಕ್ ದಿನದ ಗಡಿ ಎರಡನ್ನೂ ಒಂದೇ ರೀತಿ ಕತ್ತರಿಸುತ್ತದೆ. ಹಾಗಾಗಿ ದೇಶವಾರು ಪಟ್ಟಿಯನ್ನು ಧೈರ್ಯವಾಗಿ ಪಕ್ಕಪಕ್ಕ ಇಡಬಹುದು. ಪ್ರತಿ ವಿಡಿಯೊದ ಮೊದಲ ಎರಡು ದಿನಗಳನ್ನು ತೆಗೆದುಕೊಂಡೆವು. ಬುಧವಾರದವುಗಳಲ್ಲಿ ಅಮೆರಿಕದ ಪಾಲು ನೂರಕ್ಕೆ 4ರ ಆಸುಪಾಸು, ಶನಿವಾರದವುಗಳಲ್ಲಿ 8ರ ಆಸುಪಾಸು. ಭಾರತದ ವೀಕ್ಷಣೆ ಕುಗ್ಗಲಿಲ್ಲ. ಒಂದೇ ಜೋಡಿಯಲ್ಲಿ ಹೀಗೆ ಕಂಡಿದ್ದರೆ ನಾನು ನಂಬುತ್ತಿರಲಿಲ್ಲ, ಸಣ್ಣ ಪಾಲು ಒಂದೆರಡು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೊಂಡಿ ಹಂಚಿದರೂ ಅಷ್ಟು ಏರುತ್ತದೆ. ಅಕ್ಟೋಬರ್ ಉದ್ದಕ್ಕೂ ಅದೇ ದಿಕ್ಕಿನಲ್ಲಿ ಬಂದುದರಿಂದ ವಾರದ ವಿಡಿಯೊ ಶನಿವಾರಕ್ಕೆ ಬದಲಾಯಿತು. ಒಟ್ಟು ವೀಕ್ಷಣೆ ಇದರಿಂದ ಹೆಚ್ಚಿತು ಎಂದು ಹೇಳಲಾರೆ. ಅಮೆರಿಕದವರು ಬುಧವಾರದ ವಿಡಿಯೊಗಳನ್ನೂ ವಾರದ ಕೊನೆಗೆ ಹೇಗೂ ನೋಡುತ್ತಿದ್ದರು. ಈಗ ಪ್ರಕಟವಾದ ಹೊತ್ತಿಗೇ ನೋಡುತ್ತಾರೆ, ಕಮೆಂಟಿನಲ್ಲಿ ಮಾತು ನಡೆಯುತ್ತಿರುವಾಗಲೇ ಸೇರಿಕೊಳ್ಳುತ್ತಾರೆ.

ಅಪ್‌ಲೋಡ್ ಮಾಡುವುದು ಮಾತ್ರ ಶುಕ್ರವಾರ ಬೆಳಿಗ್ಗೆ. ಮಳೆಗಾಲದಲ್ಲಿ ಸಂಜೆ ಕರೆಂಟು ನೆಚ್ಚಿಕೊಳ್ಳುವಂತಿಲ್ಲ. ಅಲ್ಲದೆ ಯೂಟ್ಯೂಬ್ ಮೊದಲು ಕಡಿಮೆ ಸ್ಪಷ್ಟತೆಯ ಪ್ರತಿಯನ್ನು ಸಿದ್ಧಪಡಿಸಿ, ಎಚ್‌ಡಿ ಪ್ರತಿಯನ್ನು ಆಮೇಲೆ ಸಿದ್ಧಪಡಿಸುತ್ತದೆ. ಏರಿಸಿದ ತಕ್ಷಣ ಪ್ರಕಟಿಸಿದರೆ, ಆಯ್ದು ಹುಡುಕಿದ ಆ ಗಂಟೆಯಲ್ಲಿ ಬಂದವರಿಗೇ ಮಸುಕಾದ ಚಿತ್ರ ಸಿಗುತ್ತದೆ. ಆದ್ದರಿಂದ ಮೊದಲೇ ಏರಿಸಿ ಶನಿವಾರ 7ಕ್ಕೆ ಷೆಡ್ಯೂಲ್ ಮಾಡುತ್ತಾರೆ.

ನೇರಪ್ರಸಾರಕ್ಕೆ ಮಾತ್ರ ಗಂಟೆಯೇ ಎಲ್ಲ

ದೀಪಾವಳಿಗೆ ಮೊದಲು ಅತ್ತೆಯೊಂದಿಗೆ ಪ್ರಶ್ನೋತ್ತರದ ನೇರಪ್ರಸಾರ ಮಾಡುವ ಆಸೆ ಇಬ್ಬರಿಗೂ ಇತ್ತು. ಇಲ್ಲಿ ಹುಡುಕಾಟವಿಲ್ಲ, ನಾಳೆ ನೋಡುವುದಕ್ಕೆ ಅದೇ ಬೆಲೆಯೂ ಇಲ್ಲ. ಎಲ್ಲರೂ ಒಂದೇ ಗಳಿಗೆಯಲ್ಲಿ ಎಚ್ಚರವಿರಬೇಕು. ನೇರಳೆ ಚಿತ್ರ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ. ಶನಿವಾರ ಸಂಜೆ 7ರಿಂದ ರಾತ್ರಿ 10ರವರೆಗೆ ಅದು ಅತಿ ಗಾಢವಾಗಿತ್ತು. ಅದರೊಳಗೆ ಹೊರದೇಶಕ್ಕೂ ಹೊಂದುವ ತುಂಡನ್ನು ಆರಿಸುವುದಷ್ಟೇ ಉಳಿದಿತ್ತು. ರಾತ್ರಿ 8 ಎಂದರೆ ಕುವೈತ್‌ನಲ್ಲಿ 5.30, ದುಬೈಯಲ್ಲಿ 6.30, ಲಂಡನ್‌ನಲ್ಲಿ ಮಧ್ಯಾಹ್ನ 3.30, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 10.30, ಕ್ಯಾಲಿಫೋರ್ನಿಯಾದಲ್ಲಿ 7.30. ಸಿಡ್ನಿಯಲ್ಲಿ ರಾತ್ರಿ 1.30, ಅವರನ್ನು ಕೈಬಿಡಲೇಬೇಕಾಯಿತು. ಇನ್ನೊಂದು ಗಂಟೆ ತಡಮಾಡಿದ್ದರೆ ಕ್ಯಾಲಿಫೋರ್ನಿಯಾದವರಿಗೆ ಹಿತವಾಗುತ್ತಿತ್ತು. ಆದರೆ ಅತ್ತೆ ಬೆಳಿಗ್ಗೆ 5ಕ್ಕೆ ಏಳುವವರು, 9ಕ್ಕೆ ಮಲಗುವವರು. ಅಡುಗೆ ಮಾಡುವವರ ಗಡಿಯಾರವೂ ಲೆಕ್ಕದೊಳಗೆ ಬರಬೇಕು. ಅಕ್ಟೋಬರ್ 18ರ ಶನಿವಾರ ರಾತ್ರಿ 8 ಎಂದು ನಿಶ್ಚಯವಾಯಿತು.

ಎಡವಟ್ಟಾದದ್ದು ಆಹ್ವಾನದಲ್ಲಿ. ಯೂಟ್ಯೂಬ್‌ನಲ್ಲಿ ನಿಗದಿಪಡಿಸಿದ ನೇರಪ್ರಸಾರದ ಪುಟ ಆಯಾ ವೀಕ್ಷಕರ ಸ್ಥಳೀಯ ಸಮಯವನ್ನೇ ತೋರಿಸುತ್ತದೆ, ಅದರಲ್ಲಿ ತೊಂದರೆ ಇಲ್ಲ. ಆದರೆ ವಾಟ್ಸ್‌ಆ್ಯಪ್‌ಗಾಗಿ ಮಾಡಿದ ಚಿತ್ರದಲ್ಲಿ "ಶನಿವಾರ ರಾತ್ರಿ 8 ಗಂಟೆಗೆ" ಎಂದಷ್ಟೇ ಇತ್ತು. ಕೊಂಡಿ ಕಳಚಿಹೋಗಿ ಚಿತ್ರವೊಂದೇ ಗುಂಪಿನಿಂದ ಗುಂಪಿಗೆ ಹರಿದಾಡಿತು. ದುಬೈಯಲ್ಲಿ ಕೆಲವರು ತಮ್ಮ 8 ಗಂಟೆಗೆ ಕಾದು ಕುಳಿತರು. ಆಗ ಇಲ್ಲಿ 9.30, ಅತ್ತೆ ಮಲಗಿಯಾಗಿತ್ತು. ಈಗಿನ ಚಿತ್ರಗಳಲ್ಲಿ ಭಾರತ, ಕುವೈತ್, ದುಬೈ, ಲಂಡನ್, ನ್ಯೂಯಾರ್ಕ್ ಎಂದು ಐದು ಊರುಗಳ ಸಮಯವನ್ನು ದಿನದ ಹೆಸರಿನೊಂದಿಗೆ ಬರೆಯುತ್ತಾರೆ. ದಿನದ ಹೆಸರು ಬೇಕೇ ಬೇಕು. ನಮ್ಮ ಭಾನುವಾರ ಬೆಳಗಿನ 7 ಅಮೆರಿಕದಲ್ಲಿ ಇನ್ನೂ ಶನಿವಾರ.

ನವೆಂಬರ್ 2ರಂದು ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಬ್ರಿಟನ್ ಅದಕ್ಕೂ ಒಂದು ವಾರ ಮೊದಲೇ, ಅಕ್ಟೋಬರ್ 26ಕ್ಕೆ ಬದಲಿಸಿಕೊಂಡಿತ್ತು. ನಮಗೂ ಕೊಲ್ಲಿಗೂ ಈ ಪದ್ಧತಿ ಇಲ್ಲ. ವಾರದ ವಿಡಿಯೊಗೆ ಇದರಿಂದ ಏನೂ ಆಗಲಿಲ್ಲ, ಶನಿವಾರ ಬೆಳಿಗ್ಗೆ 9.30ರ ಬದಲು 8.30 ಆಯಿತು. ನೇರಪ್ರಸಾರಕ್ಕೆ ಮಾತ್ರ ಪೆಟ್ಟು: ರಾತ್ರಿ 8 ಈಗ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 6.30. ಬದಲಾವಣೆಯ ನಂತರ ನೇರಳೆ ಚಿತ್ರವನ್ನು ತಕ್ಷಣ ನಂಬಬಾರದು. ಅದು 28 ದಿನಗಳ ರಾಶಿಯಾದ್ದರಿಂದ ನವೆಂಬರ್ ಮುಗಿಯುವವರೆಗೂ ಹಳೆಯ ಮತ್ತು ಹೊಸ ಸಮಯ ಕಲಸಿಕೊಂಡೇ ಇರುತ್ತವೆ. ರಮ್ಜಾನ್ ತಿಂಗಳಲ್ಲಿ ಕೊಲ್ಲಿಯವರ ದಿನಚರಿ ರಾತ್ರಿಗೆ ಸರಿದಾಗಲೂ ಹೀಗೆಯೇ, ತಿಂಗಳು ಮುಗಿದ ಮೇಲೂ ಅದರ ನೆರಳು ಚಿತ್ರದಲ್ಲಿ ಉಳಿದಿರುತ್ತದೆ.

ಚಳಿಗಾಲದ ನೇರಪ್ರಸಾರಕ್ಕೆ ಪರಿಹಾರ ಸೂಚಿಸಿದವರು ಅತ್ತೆಯೇ. "ನಾನು ಬೆಳಿಗ್ಗೆ ಎದ್ದೇ ಇರುತ್ತೇನಲ್ಲ, ಆಗಲೇ ಮಾತಾಡಿಸಿ" ಎಂದರು. ಹಾಗಾಗಿ ಒಂದನ್ನು ಭಾನುವಾರ ಬೆಳಿಗ್ಗೆ 7ಕ್ಕೆ, ಅಮೆರಿಕದವರಿಗಾಗಿಯೇ ಇಟ್ಟರು. ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ 8.30, ಕ್ಯಾಲಿಫೋರ್ನಿಯಾದಲ್ಲಿ ಸಂಜೆ 5.30, ಸಿಡ್ನಿಯಲ್ಲಿ ಭಾನುವಾರ ಮಧ್ಯಾಹ್ನ 12.30. ಕೊಲ್ಲಿಯಲ್ಲಿ ನಸುಕು, ಅವರು ಈ ಸರದಿಯಲ್ಲಿ ಹೊರಗೆ. ಒಟ್ಟು ಸಂಖ್ಯೆ ಅಕ್ಟೋಬರ್‌ನದಕ್ಕಿಂತ ಬಹಳ ಕಡಿಮೆ ಇತ್ತು, ಪ್ರಶ್ನೆಗಳು ಮಾತ್ರ ಬಿಡುವಿಲ್ಲದೆ ಬಂದವು. ಎಲ್ಲ ದೇಶಗಳನ್ನೂ ಒಂದೇ ಗಂಟೆಯಲ್ಲಿ ಹಿಡಿಯುವ ಪ್ರಯತ್ನಕ್ಕಿಂತ ಹೀಗೆ ಸರದಿ ಹಾಕಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ, ಸೊಸೆಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಸದ್ಯಕ್ಕೆ ಮುಂದಿರುವುದು ಚಾಂದ್ರಮಾನ ಯುಗಾದಿ, 2026ರ ಮಾರ್ಚ್ 19ರ ಗುರುವಾರ. ಹೋಳಿಗೆ ಮತ್ತು ಬೇವುಬೆಲ್ಲದ ವಿಡಿಯೊಗೆ ಅದೇ ಹಿಮ್ಮುಖ ಲೆಕ್ಕ ಹಾಕಿದಾಗ ಅಮೆರಿಕ, ಯುಎಇಗಳ ಕೊನೆಯ ವಾರಾಂತ್ಯ ಮಾರ್ಚ್ 14 ಮತ್ತು 15, ಕುವೈತ್‌ನದು 13 ಮತ್ತು 14. ಹಾಗಾಗಿ ಮಾರ್ಚ್ 12ರ ಗುರುವಾರ ಸಂಜೆ 7 ಎಂದು ಪಟ್ಟಿಯಲ್ಲಿ ಬರೆದಾಗಿದೆ. ಅಷ್ಟು ಹೊತ್ತಿಗೆ ಅಮೆರಿಕ ಮಾರ್ಚ್ 8ಕ್ಕೆ ಬೇಸಿಗೆ ಸಮಯಕ್ಕೆ ಮರಳಿರುತ್ತದೆ, ಬ್ರಿಟನ್ 29ರವರೆಗೆ ಮರಳಿರುವುದಿಲ್ಲ. ಆ ಮೂರು ವಾರಗಳ ಮಟ್ಟಿಗೆ ಆಹ್ವಾನದ ಚಿತ್ರದಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಅಂತರವನ್ನು ಐದರ ಬದಲು ನಾಲ್ಕು ಗಂಟೆ ಎಂದು ತಿದ್ದಿಕೊಳ್ಳಬೇಕೆಂದು ಸೊಸೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದಾರೆ.